ದುಭಾಷಿಯ ಕಾಯಕ: ಕಾರ್ಖಾನೆಯ ತಪಾಸಣೆಯಲ್ಲಿ ಮಾತು ದಾಟಿಸುವವರು

ಹೈದರಾಬಾದಿನಿಂದ ಪುಣೆಯತ್ತ ಸಾಗುವ ಹೆದ್ದಾರಿಯ ಮೇಲಿರುವ ಪಟ್ಟಣವಾದ ಹುಮನಾಬಾದು ಮಾಣಿಕಪ್ರಭುಗಳ ಸಂಸ್ಥಾನದಿಂದ ಪ್ರಸಿದ್ಧವಾದುದು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಇಂದು ಔಷಧ ಹಾಗೂ ರಾಸಾಯನಿಕಗಳ ಕಾರ್ಖಾನೆಗಳೂ ನಡೆಯುತ್ತಿವೆ. ಇಂಥ ಕಾರ್ಖಾನೆಯ ಸರಕು ಸಮುದ್ರವನ್ನು ದಾಟಬೇಕಾದರೆ, ಕೊಳ್ಳುವ ದೇಶದ ಅಧಿಕಾರಿಯೋ ಕೊಳ್ಳುವ ಸಂಸ್ಥೆಯ ಪ್ರತಿನಿಧಿಯೋ ಬಂದು ತಯಾರಿಕೆಯ ಕ್ರಮವನ್ನು ಕಣ್ಣಾರೆ ಕಂಡು ಹೋಗುವುದು ವಾಡಿಕೆ. ಬಂದವರು ಆಡುವುದು ಇಂಗ್ಲಿಷು. ರಾತ್ರಿಯ ಪಾಳಿಯಲ್ಲಿ ಡ್ರೈಯರಿನ ಮುಂದೆ ನಿಲ್ಲುವ ಆಪರೇಟರು ಆಡುವುದಾದರೋ, 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಸೀಮೆಯ, ಉರ್ದು ಮರಾಠಿಗಳ ಬೆರಕೆಯುಳ್ಳ ಕನ್ನಡ. ಇವರಿಬ್ಬರ ನಡುವೆ ನಿಲ್ಲುವವನೇ ದುಭಾಷಿ.

ಕಡತಗಳೆಲ್ಲ ಇಂಗ್ಲಿಷಿನಲ್ಲಿಯೇ ಇರುವಾಗ ಇವನ ಅಗತ್ಯವೇನೆಂದು ಕೇಳಬಹುದು. ತಪಾಸಣಾಧಿಕಾರಿಯು ಕಡತವನ್ನು ಓದಿ ತೃಪ್ತನಾಗುವುದಿಲ್ಲ. ಅದರಲ್ಲಿ ಬರೆದುದನ್ನು ಮಾಡಿದವನ ಬಾಯಿಂದಲೇ ಕೇಳಿ, ಎರಡೂ ಒಂದಕ್ಕೊಂದು ಹೊಂದುವುವೇ ಎಂದು ನೋಡುತ್ತಾನೆ. ಆದುದರಿಂದ ಆಪರೇಟರಿನ ಮಾತು ಇಲ್ಲಿ ಸಾಕ್ಷ್ಯದ ಸ್ಥಾನದಲ್ಲಿ ನಿಲ್ಲುತ್ತದೆ. ಅದನ್ನು ತಿದ್ದಿ ಚೆಂದಗೊಳಿಸುವ ಅಧಿಕಾರ ದುಭಾಷಿಗಿಲ್ಲ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಪುಡಿಯನ್ನು 60ರಿಂದ 65 ಡಿಗ್ರಿಯ ಶಾಖದಲ್ಲಿ 8 ಗಂಟೆ ಒಣಗಿಸಬೇಕು, ಗಂಟೆಗೊಮ್ಮೆ ಉಷ್ಣಾಂಶವನ್ನು ನೋಡಿ ಬರೆಯಬೇಕು ಎಂಬುದು ವಿಧಿ. ಬ್ಯಾಚ್ ರಿಕಾರ್ಡಿನಲ್ಲಿ ಒಂದು ಮನೆಯೂ ಖಾಲಿಯಿಲ್ಲ. “ಇದನ್ನು ಹೇಗೆ ಬರೆಯುತ್ತೀರಿ?” ಎಂಬ ಪ್ರಶ್ನೆಗೆ ಆಪರೇಟರು, “ತಾಸಿಗೊಮ್ಮೆ ನೋಡಿ ಬರೀತೀವ್ರಿ ಸಾಹೇಬ್ರ, ಕರೆಂಟ್ ಹೋದ್ರ ಆಮ್ಯಾಲ ಬರೀತೀವ್ರಿ” ಎನ್ನುತ್ತಾನೆ. ಮಗ್ಗುಲಲ್ಲಿ ನಿಂತ ಮೇಲ್ವಿಚಾರಕನು ಗಂಟಲು ಸರಿಪಡಿಸಿಕೊಂಡು, “ವಿಧಿಯ ಪ್ರಕಾರವೇ ಬರೆಯುತ್ತಾರೆ ಎಂದು ಹೇಳಿ” ಎಂದರೆ, ದುಭಾಷಿಯು ಆಪರೇಟರಿನ ಎರಡು ವಾಕ್ಯಗಳನ್ನೂ ಪೂರ್ಣವಾಗಿ ದಾಟಿಸಿ, ಬಳಿಕ ಮೇಲ್ವಿಚಾರಕನ ಮಾತನ್ನು ಅದು ಅವನದೇ ಎಂದು ತಿಳಿಸಿ ಬೇರೆಯಾಗಿ ಹೇಳತಕ್ಕದ್ದು. ದಾಖಲೆಯು ಕೆಲಸ ನಡೆದ ಹೊತ್ತಿನಲ್ಲಿಯೇ ಬರೆದದ್ದಾಗಿರಬೇಕೆಂಬುದು ಔಷಧ ತಯಾರಿಕೆಯ ಮೂಲನಿಯಮಗಳಲ್ಲೊಂದು. ‘ಆಮ್ಯಾಲ’ ಎಂಬುದು ನುಂಗಿಹೋದರೆ ತಪಾಸಣೆಯ ತಿರುಳೇ ನುಂಗಿಹೋದಂತೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ‘ಬರೀತೀವಿ’ ಎಂಬುದು ನಿತ್ಯದ ರೂಢಿಯನ್ನು ಹೇಳುವುದೇ ಹೊರತು, ಆ ರಾತ್ರಿ ನಡೆದುದನ್ನಲ್ಲ. ಅಧಿಕಾರಿಗೆ ಬೇಕಾದುದು ಆ ರಾತ್ರಿಯ ಸಂಗತಿಯಾದರೆ, ಅದನ್ನು ದುಭಾಷಿಯು ತಾನೇ ಊಹಿಸಿ ಭೂತಕಾಲಕ್ಕೆ ತಿರುಗಿಸಕೂಡದು; ಉತ್ತರವು ವಾಡಿಕೆಯ ರೂಪದಲ್ಲಿದೆಯೆಂಬುದು ಅಧಿಕಾರಿಗೆ ಕಾಣುವಂತೆ ದಾಟಿಸಿದರೆ, ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: “ಅಂದು 2 ಗಂಟೆಯ ಅಂಕಿಯನ್ನು 2 ಗಂಟೆಗೇ ಬರೆಯಲಿಲ್ಲವೇ?” ಅದಕ್ಕೆ ಆಪರೇಟರು “ಹೌದ್ರಿ” ಎಂದುಬಿಟ್ಟಾನು. ಕನ್ನಡದಲ್ಲಿ ಅದು ‘ನೀವು ಹೇಳಿದ್ದು ಸರಿ, ಬರೆಯಲಿಲ್ಲ’ ಎಂಬ ಒಪ್ಪಿಗೆ. ಇಂಗ್ಲಿಷಿಗೆ ಬರಿಯ ‘ಯೆಸ್’ ಆಗಿ ದಾಟಿದರೆ ಬರೆದೆನೆಂಬ ಅರ್ಥ ಬಂದು ಸಾಕ್ಷ್ಯವೇ ತಲೆಕೆಳಗಾಗುವುದು. ಅನುಭವಿಯು ಹೌದು ಅಲ್ಲಗಳ ಗೊಡವೆಗೆ ಹೋಗದೆ, “ಆ ಹೊತ್ತಿನಲ್ಲಿ ನಾನು ಬರೆಯಲಿಲ್ಲ” ಎಂದು ಪೂರ್ಣವಾಕ್ಯವನ್ನೇ ಕೊಡುತ್ತಾನೆ. ಸಂದೇಹವುಳಿದರೆ, “ಇದನ್ನು ಸ್ಪಷ್ಟಪಡಿಸಿಕೊಳ್ಳಲು ಅವರನ್ನು ಕೇಳುತ್ತಿದ್ದೇನೆ” ಎಂದು ಅಧಿಕಾರಿಗೆ ಅರುಹಿ, ಆಮೇಲೆ ಕನ್ನಡದಲ್ಲಿ ಕೇಳುತ್ತಾನೆ. ಕರೆಂಟು ಬಂದ ಮೇಲೆ ಕಂಡ ಅಂಕಿಯನ್ನು ಕಂಡ ಹೊತ್ತಿನೊಡನೆ ಬರೆದನೋ, ಅಥವಾ ಊಹೆಯಿಂದ ಮನೆ ತುಂಬಿದನೋ ಎಂಬುದನ್ನು ಯಂತ್ರವೇ ಮುದ್ರಿಸುವ ಉಷ್ಣಾಂಶದ ಪಟ್ಟಿಯೊಡನೆ ಹೋಲಿಸಿ ನಿರ್ಣಯಿಸುವುದು ಅಧಿಕಾರಿಯ ಕೆಲಸ.

ಅಂಕಿಗಳು ನೆನಪಿನಲ್ಲಿ ನಿಲ್ಲತಕ್ಕವಲ್ಲ. ಜಿನೀವಾದ ರೋಜಾನ್ ಎಂಬವರು 1956ರಲ್ಲಿ ಪ್ರಕಟಿಸಿದ ಟಿಪ್ಪಣಿ ಶಾಸ್ತ್ರದ ಪುಸ್ತಕವು ಪದಗಳನ್ನಲ್ಲ, ಭಾವವನ್ನು ಗುರುತಿಸಿಕೊಳ್ಳಿರೆಂದು ಬೋಧಿಸುತ್ತದಾದರೂ, ಅಂಕಿ, ವೇಳೆ, ಬ್ಯಾಚಿನ ಸಂಖ್ಯೆಗಳನ್ನು ಮಾತ್ರ ಕೇಳಿದೊಡನೆ ಬರೆದುಕೊಳ್ಳದೆ ಗತಿಯಿಲ್ಲ. ಯಂತ್ರಗಳ ಸದ್ದಿನಲ್ಲಿ ‘ಅರವತ್ತು’ ‘ಎಪ್ಪತ್ತು’ಗಳು ಒಂದರಂತೊಂದು ಕೇಳುವುದರಿಂದ, ಬರೆದ ಅಂಕಿಯನ್ನು ಆಪರೇಟರಿಗೆ ತೋರಿಸಿ ಅವನ ಒಪ್ಪಿಗೆ ಪಡೆದು ಮುಂದುವರಿಯುವುದು ಕ್ಷೇಮ.

ಉಳಿಯುವುದು ದುಭಾಷಿಯ ನಿಷ್ಠೆಯ ಪ್ರಶ್ನೆ. ಪರಿಶೋಧನಾ ಸಂಸ್ಥೆಗಳನ್ನು ಕುರಿತ ಐಎಸ್ಒ 17021-1 ಎಂಬ ಅಂತರರಾಷ್ಟ್ರೀಯ ಮಾನಕವು, ದುಭಾಷಿಗಳು ಪರಿಶೋಧಕನ ನಿರ್ದೇಶನದಲ್ಲಿಯೇ ಕೆಲಸ ಮಾಡಬೇಕು, ಪರಿಶೋಧನೆಯ ಮೇಲೆ ಅನುಚಿತ ಪ್ರಭಾವ ಬೀರದವರನ್ನೇ ಆರಿಸಬೇಕು ಎಂದು ವಿಧಿಸುತ್ತದೆ. ಆದರೂ ತಪಾಸಣೆಗೊಳಗಾದ ಕಾರ್ಖಾನೆಯೇ ದುಭಾಷಿಯನ್ನು ಒದಗಿಸುವುದುಂಟು. ವಿದೇಶಗಳಲ್ಲಿ ನಡೆಯುವ ಅಮೆರಿಕದ ಔಷಧ ತಪಾಸಣೆಗಳಲ್ಲಿಯೂ ಹೀಗಾಗುವುದರಿಂದ ಮಾಹಿತಿಯ ನಿಖರತೆ ಸಂದೇಹಾಸ್ಪದವಾಗುವುದೆಂಬ ಆತಂಕವನ್ನು ಆ ದೇಶದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯು 2019ರಲ್ಲಿ ಮುಂದಿಟ್ಟಿತು. ಆಪರೇಟರು ಅರ್ಧ ನಿಮಿಷ ಮಾತಾಡಿದ ಮೇಲೆ ಇಂಗ್ಲಿಷಿನಲ್ಲಿ ಮೂರೇ ಪದ ಬಂದರೆ, ಅಥವಾ ಉತ್ತರಕ್ಕೆ ಮುನ್ನ ದುಭಾಷಿಯು ಮೇಲ್ವಿಚಾರಕನ ಮುಖ ನೋಡಿದರೆ, ಕನ್ನಡವರಿಯದ ಅಧಿಕಾರಿಗೂ ಸಂಶಯ ಬರುವುದು ಸಹಜ. ಆಗ ಅವನು ಅದೇ ಪ್ರಶ್ನೆಯನ್ನು ಮತ್ತೊಬ್ಬ ಆಪರೇಟರಿಗೆ ಬೇರೆ ರೂಪದಲ್ಲಿ ಕೇಳುತ್ತಾನೆ; ಕಾರ್ಖಾನೆಯು ಮುಚ್ಚಿಡಲೆಣಿಸಿದ ‘ಆಮ್ಯಾಲ’ ಎಂಬುದು ಎರಡನೆಯ ಬಾಯಿಂದ ಹೊರಬಿದ್ದರೆ, ಅದುವರೆಗೆ ದಾಟಿಬಂದ ನಿಜವಾದ ಉತ್ತರಗಳೂ ಅದರೊಡನೆ ಬೆಲೆಗೆಡುತ್ತವೆ.