‘ಅಟ್ಟಕ್ಕೂ ಬಾಗಿಲು ಹಾಕಿಬಿಡಿ’ ಅಂದಾಗ

ಬಡಗಿಯೊಬ್ಬರು ಒಂದು ಮನೆಯ ವಾರ್ಡ್‌ರೋಬ್ ಕೆಲಸ ಒಪ್ಪಿಕೊಂಡಿದ್ದಾರೆ ಎನ್ನಿ. ಏಳಡಿ ಅಗಲ, ಏಳಡಿ ಎತ್ತರ, ಒಟ್ಟು 49 ಚದರಡಿ. ದರ ಮಾತಾಗಿದೆ, ಅಡ್ವಾನ್ಸ್ ಕೈಸೇರಿದೆ, ಕೆಲಸ ಅರ್ಧಕ್ಕೆ ಬಂದಿದೆ. ಆಗ ಮನೆಯೊಡತಿ ಕಾಫಿ ಕೊಡುತ್ತಾ, “ಹೇಗೂ ಮಾಡ್ತಿದ್ದೀರಲ್ಲ ಅಣ್ಣ, ಮೇಲಿನ ಅಟ್ಟಕ್ಕೂ ಬಾಗಿಲು ಹಾಕಿಬಿಡಿ” ಅನ್ನುತ್ತಾರೆ.

ಕಾಫಿ ಕುಡಿದ ಬಾಯಲ್ಲೇ ದುಡ್ಡಿನ ಮಾತೆತ್ತಲು ಸಂಕೋಚ. ಹೆಚ್ಚಿನವರು “ಆಯ್ತಮ್ಮ, ನೋಡೋಣ” ಎಂದು ಕೆಲಸ ಮುಗಿಸಿ, ಕೊನೆಯ ಬಿಲ್ಲಿನಲ್ಲಿ ‘ಎಕ್ಸ್‌ಟ್ರಾ 10,000’ ಎಂದು ಬರೆಯುತ್ತಾರೆ. ಜಗಳ ಹುಟ್ಟುವುದು ಅಲ್ಲೇ. ಪ್ಲೈವುಡ್ ಕೊಯ್ಯುವ ಮೊದಲೇ ಹೇಳಿದ್ದರೆ ಆಕೆ ಬೇಡ ಎನ್ನಬಹುದಿತ್ತು. ಬಾಗಿಲು ಕೂರಿಸಿದ ಮೇಲೆ ಹೇಳಿದರೆ ನ್ಯಾಯವಾದ ಮೊತ್ತವೂ ಸುಲಿಗೆಯಾಗಿ ಕಾಣುತ್ತದೆ.

ಹಾಗಾಗಿ ಕೇಳಿದ ದಿನವೇ ಲೆಕ್ಕ ಹಾಕಬೇಕು. ಅಟ್ಟದ ಬಾಯಿ ಏಳಡಿಗೆ ಎರಡಡಿ, 14 ಚದರಡಿ. ನಾಲ್ಕು ಬಾಗಿಲು. ದರ ಊರಿಂದೂರಿಗೆ ಬೇರೆ, ಉದಾಹರಣೆಗೆ ಹೀಗಿಟ್ಟುಕೊಳ್ಳಿ: ಅರ್ಧ ಶೀಟ್ ಪ್ಲೈವುಡ್ 1,600, ಒಳಗೂ ಹೊರಗೂ ಲ್ಯಾಮಿನೇಟ್ 1,100, ಎಂಟು ಹಿಂಜ್ 960, ಹಿಡಿ, ಅಂಟು, ಅಂಚುಪಟ್ಟಿ 540, ಬಡಗಿ ಮತ್ತು ಸಹಾಯಕನ ಒಂದೂವರೆ ದಿನದ ಕೂಲಿ 3,000. ಒಟ್ಟು 7,200. ಶೇ. 15 ಲಾಭ ಸೇರಿಸಿದರೆ 8,280 ರೂಪಾಯಿ. ಇದನ್ನು 10,000ಕ್ಕೆ ಏರಿಸುವ ಆಸೆ ಬೇಡ. ದುಂಡು ಮೊತ್ತ ಕಂಡವರಿಗೆ ಬಾಯಿಗೆ ಬಂದದ್ದು ಹೇಳಿದ್ದಾರೆ ಅನಿಸುತ್ತದೆ.

ಆಮೇಲೆ ಒಂದು ವಾಟ್ಸಾಪ್ ಸಂದೇಶ: “ಅಮ್ಮ, ಅಟ್ಟದ ಬಾಗಿಲು ನಮ್ಮ ಮೊದಲಿನ ಲೆಕ್ಕದಲ್ಲಿ ಇರಲಿಲ್ಲ. ಸಾಮಾನು, ಕೂಲಿ ಎಲ್ಲ ಸೇರಿ 8,280 ಆಗುತ್ತೆ, ಎರಡು ದಿನ ಹೆಚ್ಚು ಬೇಕು. ಬಜೆಟ್ ದಾಟಬಾರದು ಅಂದ್ರೆ ಒಳಗಿನ ಡ್ರಾಯರ್ ಕಡಿಮೆ ಮಾಡಿ ಹೊಂದಿಸಬಹುದು. ಸರಿ ಅಂತ ಕಳಿಸಿದರೆ ಪ್ಲೈವುಡ್ ತರ್ತೀನಿ.” ಕ್ಷಮೆ ಬೇಡ, ಮರದ ಬೆಲೆ ಏರಿದ ಗೋಳು ಬೇಡ. ಡ್ರಾಯರಿನ ಸಾಲು ಮಾತ್ರ ಬಿಡಬೇಡಿ. ಆಯ್ಕೆ ಕೊಟ್ಟವರನ್ನು ದುಡ್ಡುಬಾಕ ಎನ್ನುವುದು ಕಷ್ಟ.

ಟಿವಿ ಹಿಂದಿನ ವೈರಿಂಗ್ ಕೇಳಿದರೆ ದರವನ್ನೇ ಹೇಳಬಾರದು. “ಅದು ಎಲೆಕ್ಟ್ರಿಷಿಯನ್ ಕೆಲಸ, ಹಲಗೆ ಮುಚ್ಚುವ ಮೊದಲು ಕರೆಸಿ” ಅಂದರೆ ಮುಗಿಯಿತು. ಸಡಿಲವಾದ ಹಳೆಯ ಬಾಗಿಲಿಗೆ ಎರಡು ಸ್ಕ್ರೂ ಬಿಗಿಯುವುದಾದರೆ ಪುಕ್ಕಟೆ ಮಾಡಿ, ಆದರೆ ಬಿಲ್ಲಿನಲ್ಲಿ ಅದರ ಮುಂದೆ ಸೊನ್ನೆ ಬರೆಯಿರಿ. ಬರೆಯದ ಉಪಕಾರ ಯಾರ ಕಣ್ಣಿಗೂ ಬೀಳುವುದಿಲ್ಲ.

1872ರ ಭಾರತೀಯ ಕರಾರು ಕಾಯಿದೆಯ 70ನೇ ಕಲಂ ಪ್ರಕಾರ, ಉಚಿತವೆಂಬ ಉದ್ದೇಶವಿಲ್ಲದೆ ನ್ಯಾಯಬದ್ಧವಾಗಿ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕು. ಆದರೆ ಎಂಟು ಸಾವಿರಕ್ಕೆ ಕೋರ್ಟಿಗೆ ಅಲೆಯುವವರು ಯಾರು? ಆ ವಾಟ್ಸಾಪ್ ಉತ್ತರ ಬರುವವರೆಗೆ ಗರಗಸ ಎತ್ತಬೇಡಿ.