ಪ್ರಾಂಪ್ಟ್‌ಗೆ ಕತ್ತರಿ ಹಾಕುವ ಮುನ್ನ

ಪುಸ್ತಕದಂಗಡಿಯೊಂದರ ಚಾಟ್‌ಬಾಟ್ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ಕೊಡುವ ಸೂಚನೆಗಳಿಗೆ, ಅಂದರೆ ಪ್ರಾಂಪ್ಟ್‌ಗೆ, ಆಗಾಗ ಒಬ್ಬೊಬ್ಬರು ಒಂದೊಂದು ಸಾಲು ಸೇರಿಸಿ ಅದು ನಾಲ್ಕು ಪುಟವಾಗಿತ್ತು. ‘ವಿನಯದಿಂದ ಮಾತಾಡು’ ಎಂಬುದೇ ಐದು ಕಡೆ ಇತ್ತು. ಗ್ರಾಹಕರ ಪ್ರತಿ ಪ್ರಶ್ನೆಯ ಜೊತೆಗೂ ಈ ನಾಲ್ಕು ಪುಟ ಹೋಗುತ್ತದೆ, ಅದಕ್ಕೆ ತಕ್ಕಂತೆ ಬಿಲ್ಲೂ ಏರುತ್ತದೆ.

ಒಂದಕ್ಷರ ಅಳಿಸುವ ಮೊದಲು ಹಳೆಯ ಚಾಟ್‌ಗಳಿಂದ 40 ಪ್ರಶ್ನೆ ಆರಿಸಿದೆ. ಪ್ರತಿಯೊಂದರ ಮುಂದೆ ಉತ್ತರದಲ್ಲಿ ಏನಿರಬೇಕು, ಏನಿರಬಾರದು ಎಂದು ಬರೆದುಕೊಂಡೆ. ಪಟ್ಟಿಯಲ್ಲಿಲ್ಲದ ಪುಸ್ತಕಕ್ಕೆ ಬೆಲೆ ಹೇಳಬಾರದು, ರಿಯಾಯಿತಿಯ ಮಾತು ಕೊಡಬಾರದು, ಹೀಗೆ. ಬಾಟ್ ಪ್ರತಿ ಸಲ ಒಂದೇ ಉತ್ತರ ಕೊಡುವುದಿಲ್ಲ. ಅದಕ್ಕೇ ಹಳೆಯ ಪ್ರಾಂಪ್ಟ್ ಇಟ್ಟುಕೊಂಡೇ ಪ್ರತಿ ಪ್ರಶ್ನೆಯನ್ನು ಐದು ಸಲ ಕೇಳಿ, ಎಷ್ಟು ಸಲ ಸರಿಯಾಯಿತು ಎಂದು ಗುರುತು ಹಾಕಿದೆ. ಅದೇ ಅಳತೆಗೋಲು.

ಬಳಿಕ ಒಂದು ಸಲಕ್ಕೆ ಒಂದೇ ವಿಷಯಕ್ಕೆ ಕತ್ತರಿ. ವಿನಯದ ಐದು ಸಾಲು ಒಂದಾಯಿತು, ಫಲಿತಾಂಶ ಕದಲಲಿಲ್ಲ. ಮುಂದೆ ‘ಗ್ರಾಹಕರ ಭಾಷೆಯಲ್ಲೇ ಉತ್ತರಿಸು’ ಎಂಬುದನ್ನು ಉಳಿಸಿ, ‘ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಕನ್ನಡದಲ್ಲೇ ಉತ್ತರಿಸು’ ಎಂಬುದನ್ನು ತೆಗೆದು ನೋಡಿದೆ. ಅಂಥ ಪ್ರಶ್ನೆಗಳಿಗೆ ಐದರಲ್ಲಿ ಮೂರು ಸಲ ಇಂಗ್ಲಿಷ್ ಉತ್ತರ ಬಂತು! ಪುನರುಕ್ತಿಯಂತೆ ಕಂಡ ಸಾಲು ಬೇರೆಯದೇ ಕೆಲಸ ಮಾಡುತ್ತಿತ್ತು. ಅದು ವಾಪಸ್ ಬಂತು.

ಈಗ ಪ್ರಾಂಪ್ಟ್ ಎರಡು ಪುಟ. ಕತ್ತರಿಸುವಾಗ ಬಳಸದೆ ಬದಿಗಿಟ್ಟಿದ್ದ ಬೇರೆ 10 ಪ್ರಶ್ನೆಗಳನ್ನು ಕೊನೆಗೆ ಕೇಳಿದೆ, ಅಲ್ಲೂ ಪಾಸು. ಆದರೂ ಪಟ್ಟಿಯಲ್ಲಿಲ್ಲದ ತೊಂದರೆಯನ್ನು ಈ ಪರೀಕ್ಷೆ ಹಿಡಿಯದು. ಹಾಗಾಗಿ ಹಳೆಯ ಪ್ರತಿಯನ್ನು ಇನ್ನೂ ಅಳಿಸಿಲ್ಲ.