ಮೊಮ್ಮಗುವನ್ನು ನೋಡುವ ಹಕ್ಕು

ಮಗ ತೀರಿಕೊಂಡ ಮೇಲೆ ಸೊಸೆ ಮಗುವಿನೊಡನೆ ತವರಿಗೆ ಹೋಗಿಬಿಟ್ಟರೆ, ಅಜ್ಜ ಅಜ್ಜಿಯರು ಮೊಮ್ಮಗುವಿನ ಮುಖ ನೋಡುವುದು ಹೇಗೆ? ಕಲ್ಕತ್ತೆಯಲ್ಲಿ ನೆಲೆಸಿದ ನಮ್ಮಂಥವರಿಗೆ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಸೊಸೆಯ ತವರು ಧಾರವಾಡದಲ್ಲೋ ಮೈಸೂರಿನಲ್ಲೋ ಇರುತ್ತದೆ.

ಅಜ್ಜ ಅಜ್ಜಿಯರಿಗೆ ಈ ಹಕ್ಕುಂಟೆಂದು ಸಾರುವ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿಲ್ಲ. ತಂದೆ ಇಲ್ಲದ ಹಿಂದೂ ಮಗುವಿಗೆ ತಾಯಿಯೇ ಸಹಜ ಪಾಲಕಳು. ನ್ಯಾಯಾಲಯ ಹಿರಿಯರ ದುಃಖವನ್ನು ಅಳೆಯುವುದಿಲ್ಲ; ಮಗುವಿನ ಹಿತವೆಲ್ಲಿದೆ ಎಂದು ನೋಡುತ್ತದೆ.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಒಬ್ಬ ಇಂಜಿನಿಯರು 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ, ಬಿಹಾರದಲ್ಲಿದ್ದ ಅವರ ತಾಯಿ ಮೊಮ್ಮಗನನ್ನು ತಮಗೆ ಒಪ್ಪಿಸಬೇಕೆಂದು ನೇರವಾಗಿ ಸುಪ್ರೀಂ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 2025ರ ಜನವರಿಯಲ್ಲಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠ, ಮಗುವಿಗೆ ಅಜ್ಜಿ ಅಪರಿಚಿತಳೇ ಸರಿ, ಬೇಕಾದರೆ ಹೋಗಿ ನೋಡಬಹುದು, ಒಪ್ಪಿಸಿಕೊಳ್ಳಬೇಕೆಂದರೆ ಅದಕ್ಕೆ ಬೇರೆ ಕ್ರಮವುಂಟು ಎಂದಿತು. ಮುಂದೆ ಮಗುವಿನೊಡನೆ ಮಾತನಾಡಿ, ಅದನ್ನು ತಾಯಿಯ ಬಳಿಯೇ ಬಿಟ್ಟಿತು. ಮಾತು ಕಠಿಣವೆನಿಸಿತು, ನಿಜ. ಆದರೆ ಅದರಲ್ಲೇ ದಾರಿಯೂ ಇದೆ: ಮಗುವನ್ನು ನೋಡುವುದು ಬೇರೆ, ಒಪ್ಪಿಸಿಕೊಳ್ಳುವುದು ಬೇರೆ. 2022ರಲ್ಲಿ ಅದೇ ಕೋರ್ಟು, ಕೋವಿಡ್‌ನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಒಬ್ಬ ಹುಡುಗನನ್ನು ಚಿಕ್ಕಮ್ಮನ ಬಳಿಯಿಂದ ಅಹಮದಾಬಾದಿನ ಅಜ್ಜ ಅಜ್ಜಿಯರಿಗೆ ಒಪ್ಪಿಸಿತ್ತು. ಅಲ್ಲಿ ತಾಯಿಯೂ ಇರಲಿಲ್ಲ, ಹುಡುಗ ಅವರೊಡನೆ ಹೊಂದಿಕೊಂಡೂ ಇದ್ದ.

ಹಾಗಾದರೆ ಅರ್ಜಿ ಎಲ್ಲಿ? 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟಿನ 9ನೆಯ ಕಲಮಿನ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿ. ಮಗು ಧಾರವಾಡದ ಶಾಲೆಗೆ ಹೋಗುತ್ತಿದ್ದರೆ ಕಲ್ಕತ್ತೆಯಲ್ಲಿ ಹಾಕಿದ ಅರ್ಜಿ ಅಲ್ಲಿಗೆ ಹೋಗಿ ಹಾಕಿರೆಂಬ ಮಾತಿನೊಡನೆ ಹಿಂದಿರುಗಬಹುದು. ಆ ವೇಳೆಗೆ ವರ್ಷ ಕಳೆದು, ಮಗು ಅಜ್ಜಿಯ ಧ್ವನಿಯನ್ನೇ ಮರೆತಿರುತ್ತದೆ. ನಮ್ಮವರು ಎಡವುವುದು ಇಲ್ಲಿಯೇ. ಅಲ್ಲಿಯ ಕುಟುಂಬ ನ್ಯಾಯಾಲಯದಲ್ಲಿ, ಅದಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಕೊಟ್ಟು, ಜೊತೆಗೇ 12ನೆಯ ಕಲಮಿನಡಿ ಮಧ್ಯಂತರ ಭೇಟಿಗೆ ಕೇಳಬೇಕು.

ಕೇಳುವುದೂ ಅಳತೆಯಲ್ಲಿರಲಿ. ದಸರೆಯ ರಜೆಯಲ್ಲಿ ಎರಡು ದಿನ, ತಾಯಿಯ ಊರಿನಲ್ಲೇ ಭೇಟಿ, ವಾರಕ್ಕೊಮ್ಮೆ ವಿಡಿಯೋ ಕರೆ: ಇಷ್ಟನ್ನು ಕೊಡಲು ನ್ಯಾಯಾಧೀಶರಿಗೆ ಸುಲಭ. ಫೋನಿನ ಸಂಪರ್ಕವನ್ನೂ ಸುಪ್ರೀಂ ಕೋರ್ಟು 2020ರಲ್ಲಿ ಭೇಟಿಯ ಜೊತೆಗೆ ಎಣಿಸಿದೆ. ಅದು ತಂದೆತಾಯಿಯರ ವ್ಯಾಜ್ಯವಾಗಿತ್ತು, ಆದರೂ ದೂರದ ಅಜ್ಜ ಅಜ್ಜಿಯರೂ ಅದನ್ನು ತೋರಿಸಬಹುದು. ಮಗು ಜೊತೆಯಲ್ಲಿದ್ದ ದಿನಗಳ ಫೋಟೋ, ಕಟ್ಟಿದ ಶಾಲೆಯ ಫೀಸಿನ ರಸೀದಿ, ಹಳೆಯ ಕರೆಗಳ ದಾಖಲೆ ತೆಗೆದಿಟ್ಟಿರಿ. ಒಡವೆಯ ಜಗಳವನ್ನು ಆ ಅರ್ಜಿಯೊಳಗೆ ತುರುಕಬೇಡಿ. ಹಾಗೆ ಮಾಡಿದರೆ ಮಗುವಿನ ನೆಪದಲ್ಲಿ ಸೊಸೆಯನ್ನು ಕಾಡುತ್ತಿದ್ದಾರೆಂದು ಎದುರು ಪಕ್ಷದ ವಕೀಲರು ಹೇಳದೆ ಬಿಡುವುದಿಲ್ಲ.

ಸಿಕ್ಕ ಆಜ್ಞೆ ಶಾಶ್ವತವೇನಲ್ಲ. ಮಗು ಎರಡು ವರ್ಷ ದೊಡ್ಡದಾಗಿ ಅಜ್ಜಿಯ ಕೈಯಡುಗೆಗೆ ಒಗ್ಗಿದ ಮೇಲೆ, ಕಲ್ಕತ್ತೆಯಲ್ಲಿ ಒಂದು ರಜೆ ಕಳೆಯಲು ಅದೇ ಕೋರ್ಟನ್ನು ಕೇಳಬಹುದು.